ಮುಂಗಡ ಬಿಟ್ಟು ಬಂದ ಲೆಕ್ಕ

ಮೈಸೂರಿನ ಹೊರವರ್ತುಲ ರಸ್ತೆಯಾಚೆ ಒಂದು ಲೇಔಟಿನಲ್ಲಿ 30×40ರ ಸೈಟಿಗೆ ನಾನು ಒಂದು ಲಕ್ಷ ರೂಪಾಯಿ ಮುಂಗಡ ಕೊಟ್ಟಿದ್ದೆ. ಆಮೇಲೆ ಆ ಲಕ್ಷವನ್ನು ಬಿಟ್ಟು ಬಂದೆ. ನೆಂಟರಿಷ್ಟರು ಇವತ್ತಿಗೂ ಕಾರಣ ಕೇಳುತ್ತಾರೆ. ಇಸಿ, ಖಾತೆ, ಕನ್ವರ್ಷನ್ ಎಲ್ಲವೂ ಸರಿಯಾಗಿದ್ದವು, ವಕೀಲರೂ ಒಪ್ಪಿದ್ದರು. ಐಬು ಇದ್ದದ್ದು ಕಾಗದದಲ್ಲಲ್ಲ, ನೆಲದಲ್ಲಿ.

ಅನುಮಾನ ಬಂದದ್ದು ಸೈಟು ಬಹಳ ಮಟ್ಟಸವಾಗಿದ್ದುದರಿಂದ. ಸುತ್ತಲಿನ ಹೊಲಗಳೆಲ್ಲ ರಸ್ತೆಯಿಂದ ಪೂರ್ವದ ಹಳ್ಳದ ಕಡೆಗೆ ಇಳಿಯುತ್ತಿದ್ದವು. ಅವುಗಳ ನಡುವೆ ಈ ಸಾಲಿನ ಸೈಟುಗಳು ಮಾತ್ರ ರಸ್ತೆಯ ಮಟ್ಟಕ್ಕೇ ನಿಂತಿದ್ದವು. ಇಳಿಜಾರಿನಲ್ಲಿ ಸಮತಟ್ಟು ಜಾಗ ಕಂಡರೆ ಅಲ್ಲಿ ಒಂದೋ ಮಣ್ಣು ಕಡಿದಿದ್ದಾರೆ, ಇಲ್ಲವೇ ತುಂಬಿಸಿದ್ದಾರೆ. ಹಾಗಾಗಿ ಇಳಿಜಾರನ್ನು ಸೈಟಿನಲ್ಲಿ ಅಳೆದು ಪ್ರಯೋಜನವಿಲ್ಲ, ಪಕ್ಕದ ಹೊಲದಲ್ಲಿ ಅಳೆಯಬೇಕು. ಮೇಸ್ತ್ರಿಗಳ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪು ಸಾಕು. ರಸ್ತೆಯಂಚಿನಿಂದ 40 ಅಡಿ ಒಳಗೆ ಹೋಗುವಷ್ಟರಲ್ಲಿ ಪಕ್ಕದ ಹೊಲ ಎಂಟು ಅಡಿ ಇಳಿದಿತ್ತು. ನನ್ನ ಸೈಟು ಒಂದಿಂಚೂ ಇಳಿದಿರಲಿಲ್ಲ. ಬೇಲಿಯಂಚಿನ ಬೇವಿನ ಮರವೂ ಅದನ್ನೇ ಹೇಳುತ್ತಿತ್ತು. ಬುಡದಲ್ಲಿ ಬೇರು ಹರಡಿಕೊಳ್ಳುವ ಅಗಲ ಭಾಗವೇ ಕಾಣದೆ, ಕಾಂಡ ನೆಟ್ಟಗೆ ಮಣ್ಣಿನೊಳಗೆ ಇಳಿದಿತ್ತು.

ಮಾರುವವರ ಒಪ್ಪಿಗೆ ಪಡೆದು ಜೆಸಿಬಿ ತರಿಸಿ, ಹಿಂದಿನ ಮೂಲೆಯಲ್ಲಿ ಗುಂಡಿ ತೋಡಿಸಿದೆ. ತುಂಬಿದ ಮಣ್ಣು ಕುಸಿಯುತ್ತದೆ, ಆದ್ದರಿಂದ ಅಂಥ ಗುಂಡಿಗೆ ಆಳನ್ನು ಇಳಿಸಬಾರದು. ಬಕೆಟ್ಟಿನಲ್ಲಿ ಬಂದದ್ದನ್ನು ಮೇಲಿಟ್ಟೇ ನೋಡಬೇಕು. ಮೊದಲ ಅಡಿ ಚೆಂದದ ಕೆಂಪು ಗ್ರಾವಲ್. ಅದರ ಕೆಳಗೆ ಹೆಂಚಿನ ಚೂರು, ಸಿಮೆಂಟ್ ಚೀಲ, ಪ್ಲಾಸ್ಟರಿನ ಹೆಂಟೆ, ಪ್ಲಾಸ್ಟಿಕ್. ಎಂಟು ಅಡಿ ಇಳಿದ ಮೇಲೆ ಬಣ್ಣ ತಟ್ಟನೆ ಬದಲಾಯಿತು. ಕೈಗಂಟುವ ಕಪ್ಪು ಜೇಡಿ, ಅದರಲ್ಲಿ ಹಳೆಯ ಬೇರು, ಬಸವನಹುಳದ ಚಿಪ್ಪು. ಅದೇ ಆ ಜಾಗದ ಮೂಲ ನೆಲ. ಮರುದಿನ ಬೆಳಿಗ್ಗೆ ಗುಂಡಿಯ ತಳದಲ್ಲಿ ಒಂದಡಿ ನೀರು ನಿಂತಿತ್ತು. ಆಗ ಏಪ್ರಿಲ್.

ಬೇಸಿಗೆಯಲ್ಲೇ ಇಷ್ಟಿದ್ದರೆ ಮಳೆಗಾಲದಲ್ಲಿ ಎಷ್ಟು ಮೇಲೆ ಬರುತ್ತದೆ ಎಂಬುದನ್ನು ಪಕ್ಕದ ತೋಟದ ತೆರೆದ ಬಾವಿ ತೋರಿಸಿತು. ಒಳಗೋಡೆಯ ಕಲ್ಲಿನ ಮೇಲೆ, ಆಗಿದ್ದ ನೀರಿಗಿಂತ ನಾಲ್ಕು ಅಡಿ ಮೇಲೆ, ಪಾಚಿ ಒಣಗಿದ ಗೆರೆಯಿತ್ತು. "ಕಾರ್ತೀಕದಲ್ಲಿ ಬನ್ನಿ ಸ್ವಾಮಿ, ಬಿಂದಿಗೆ ಬಗ್ಗಿಸಿ ತುಂಬ್ಕೋಬೋದು" ಎಂದರು ತೋಟದ ಯಜಮಾನರು. ಬೋರ್‌ವೆಲ್ಲಿನ ಆಳ ಕೇಳಿ ಇದು ತಿಳಿಯುವುದಿಲ್ಲ. ಅದು ಬಂಡೆಯ ಬಿರುಕಿನ ನೀರು. ಅಡಿಪಾಯಕ್ಕೆ ತಗಲುವುದು ಮೇಲಿನ ನೀರು. ಹಳೆಯ ಪಹಣಿ ತೆಗೆಸಿ ನೋಡಿದರೆ ಆ ಸರ್ವೆ ನಂಬರು ತರಿ ಜಮೀನು, ಮೇಲಿನ ಕೆರೆಯ ಅಚ್ಚುಕಟ್ಟು. ಗದ್ದೆಯಾಗಿದ್ದ ಜಾಗ ಲೇಔಟಾದ ಮಾತ್ರಕ್ಕೆ ಜಿನುಗು ನಿಲ್ಲುವುದಿಲ್ಲ. ಅಂಥಲ್ಲಿ ಇಂಗುಗುಂಡಿ ಇಂಗುವುದಿಲ್ಲ. ತೊಳೆಯಲು ಖಾಲಿ ಮಾಡಿದ ಸಂಪು ಕೆಳಗಿನ ನೀರಿನ ಒತ್ತಡಕ್ಕೆ ಮೇಲೇಳುವ ಭಯವೂ ಇರುತ್ತದೆ.

ಈಗ ಲೆಕ್ಕ. ಈ ಸೈಟಿನ ದರ ಚದರಡಿಗೆ 2,300, ಒಟ್ಟು 27.6 ಲಕ್ಷ. ರಸ್ತೆಯ ಆಚೆ ಬದಿ, ಗಟ್ಟಿ ಕೆಂಪು ನೆಲದಲ್ಲಿ 2,500, ಅಂದರೆ 30 ಲಕ್ಷ. ಮೇಲ್ನೋಟಕ್ಕೆ 2.4 ಲಕ್ಷ ಉಳಿತಾಯ.

ತುಂಬಿದ ಮಣ್ಣು ಮುಂದೆ ಸೊನ್ನೆ, ಹಿಂದೆ ಎಂಟು ಅಡಿ, ಸರಾಸರಿ ನಾಲ್ಕು. 1,200 ಚದರಡಿಗೆ 4,800 ಘನ ಅಡಿ. ಕಸ ಕಲಸಿದ ಆ ಮಣ್ಣನ್ನು ತೆಗೆಯಲೇಬೇಕು. ಅಗೆದಾಗ ಮಣ್ಣು ಕಾಲುಭಾಗ ಉಬ್ಬಿ 6,000 ಘನ ಅಡಿಯಾಗುತ್ತದೆ, 200 ಘನ ಅಡಿಯ ಟಿಪ್ಪರಿನಲ್ಲಿ 30 ಲೋಡು. ಸಾಗಿಸಲು ಲೋಡಿಗೆ 1,500, ಒಳ್ಳೆಯ ಗ್ರಾವಲ್ ತರಲು 3,000, ಒಟ್ಟು 1,35,000. ಜೆಸಿಬಿ ಬಾಡಿಗೆ, ಅರ್ಧರ್ಧ ಅಡಿ ಪದರ ಹಾಕಿ ನೀರು ಹೊಡೆದು ರೋಲರ್ ಆಡಿಸುವುದು, ಇದಕ್ಕೆ 64,000. ಹಿಂಬದಿಗೆ 30 ಅಡಿ ಉದ್ದದ ತಡೆಗೋಡೆ ಬೇಕು. ಎಂಟು ಅಡಿ ಎತ್ತರ, ಸರಾಸರಿ ಮೂರು ಅಡಿ ದಪ್ಪ, ಅದರ ಪಾಯ ಸೇರಿ 1,020 ಘನ ಅಡಿ ಸೈಜುಗಲ್ಲಿನ ಕೆಲಸ. ಮೇಸ್ತ್ರಿ ಹೇಳಿದ 180 ರೂಪಾಯಿಯಂತೆ 1,83,600. ಕಂಬ ಹನ್ನೆರಡು, ನಾಲ್ಕು ಸಾಲಿನಲ್ಲಿ ಮೂರು ಮೂರು. ಗಟ್ಟಿ ನೆಲ ಮುಟ್ಟಲು ಎರಡನೇ ಸಾಲು ಎರಡೂವರೆ, ಮೂರನೆಯದು ಐದು, ನಾಲ್ಕನೆಯದು ಏಳೂವರೆ ಅಡಿ ಹೆಚ್ಚು ಇಳಿಯಬೇಕು. ಒಟ್ಟು 45 ಅಡಿ ಹೆಚ್ಚುವರಿ ಕಂಬ, ಅಡಿಗೆ 1,500ರಂತೆ 67,500.

ಎಲ್ಲ ಕೂಡಿದರೆ ನಾಲ್ಕೂವರೆ ಲಕ್ಷ. ಅಗ್ಗದ ಸೈಟಿನ ನಿಜವಾದ ಬೆಲೆ 32.1 ಲಕ್ಷ. ಮುಂಗಡ ಕಳೆದುಕೊಂಡು ಆಚೆ ಬದಿಯದನ್ನು ಕೊಂಡರೆ 31 ಲಕ್ಷ. ನೀರಿನ ಕಾಟಕ್ಕೆ ಬೆಲೆ ಕಟ್ಟದೆಯೇ 1.1 ಲಕ್ಷ ಉಳಿಯಿತು. ತುಂಬಿದ ಮಣ್ಣಿನ ಮೇಲೇ ಕಟ್ಟಿದರೆ ಏನಾಗುತ್ತದೆಂದು ಅದೇ ಸಾಲಿನ ಇನ್ನೊಂದು ಮನೆಯಲ್ಲಿ ನೋಡಿದೆ. ಮುಂಭಾಗ ಗಟ್ಟಿ ನೆಲದ ಮೇಲೆ, ಹಿಂಭಾಗ ಸಡಿಲ ಮಣ್ಣಿನ ಮೇಲೆ ನಿಂತು, ನಡುವಿನ ಕಿಟಕಿಯ ಮೂಲೆಯಿಂದ ಗೋಡೆ ಓರೆಯಾಗಿ ಸೀಳಿತ್ತು.

ಗಡಿಕಲ್ಲಿಗೂ ಇದೇ ಗತಿ. 30×40 ಸೈಟಿನ ನಾಲ್ಕು ಮೂಲೆ ಸರಿಯಿದ್ದರೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಸರಿಯಾಗಿ 50 ಅಡಿ ಬರಬೇಕು. ಇಲ್ಲಿ ಒಂದು ಕಡೆ 50, ಇನ್ನೊಂದು ಕಡೆ ನಲವತ್ತೆಂಟೂವರೆ. ತುಂಬಿದ ಮಣ್ಣಿನಲ್ಲಿ ನೆಟ್ಟ ಹಿಂದಿನ ಕಲ್ಲು ವಾಲಿ ಒಳಗೆ ಬಂದಿತ್ತು. ಟೇಪು ತಪ್ಪನ್ನು ತೋರಿಸುತ್ತದೆ, ಗಡಿಯನ್ನು ತೀರ್ಮಾನಿಸುವುದಿಲ್ಲ. ಹಿಂದೆ ಹಳ್ಳವೋ ಖರಾಬೋ ಇದ್ದರೆ ಮೂಲ ಸರ್ವೆ ನಂಬರಿಗೆ ಮಾಲೀಕರಿಂದಲೇ ಹದ್ದುಬಸ್ತಿಗೆ ಅರ್ಜಿ ಹಾಕಿಸಿ, ಭೂಮಾಪಕರು ಅಕ್ಕಪಕ್ಕದವರಿಗೆ ನೋಟಿಸು ಕೊಟ್ಟು ಅಳೆಯುವಾಗ ಜೊತೆಗಿರಿ. ದಾರಿಯ ವಿಷಯವೂ ಹಾಗೆಯೇ. ಚಕ್ಕುಬಂದಿಯಲ್ಲಿ "ಪಶ್ಚಿಮಕ್ಕೆ 30 ಅಡಿ ರಸ್ತೆ" ಎಂದಿರುವುದು ಸೈಟಿನ ಮುಂದಿನ ರಸ್ತೆ ಮಾತ್ರ. ಅದು ಊರ ರಸ್ತೆಗೆ ಸೇರುವವರೆಗೆ ಯಾರ ಜಮೀನು ದಾಟುತ್ತದೆ, ಆ ಭಾಗ ಪಂಚಾಯಿತಿಗೋ ಪ್ರಾಧಿಕಾರಕ್ಕೋ ಬರೆದುಕೊಟ್ಟಾಗಿದೆಯೇ ಎಂದು ಗ್ರಾಮ ನಕಾಶೆ ಹಿಡಿದುಕೊಂಡೇ ನಡೆದು ನೋಡಬೇಕು.

'ಪ್ರೀ-ಲಾಂಚ್ ಆಫರ್' ಎಂಬ ಸರಕನ್ನು ನಾನು ನಂಬುವುದಿಲ್ಲ. ಕಲ್ಲು ನೆಡುವ ಮೊದಲೇ, ಮಣ್ಣು ತುಂಬುತ್ತಿರುವಾಗಲೇ ನಕ್ಷೆ ತೋರಿಸಿ ದುಡ್ಡು ಕೇಳುತ್ತಾರೆ. "ಬ್ಯಾಂಕ್ ಲೋನ್ ಸಿಗುತ್ತೆ ಸಾರ್" ಎನ್ನುತ್ತಾರೆ. ಬ್ಯಾಂಕು ನೋಡುವುದು ಹಕ್ಕು ಮತ್ತು ಬೆಲೆ. ಎಂಟು ಅಡಿ ಕೆಳಗೇನಿದೆ ಎಂದು ಅದು ಅಗೆದು ನೋಡುವುದಿಲ್ಲ. ಭಾನುವಾರ ಕಂಪನಿಯ ಕಾರಿನಲ್ಲಿ ಹೋಗಿ, ಶಾಮಿಯಾನದ ಕೆಳಗೆ ಊಟ ಮಾಡಿ, ಸಂಜೆಯೊಳಗೆ ಟೋಕನ್ ಕೊಟ್ಟು ಬರುವ ಅಭ್ಯಾಸ ಬಿಡಿ. ದೊಡ್ಡ ಮಳೆ ಬಿದ್ದ ಮರುದಿನ ನಿಮ್ಮಷ್ಟಕ್ಕೆ ನೀವೇ ಹೋಗಿ, ಪಕ್ಕದ ಹೊಲದವರನ್ನು ಮಾತಾಡಿಸಿ. ಗುಂಡಿ ತೋಡಲು ಒಪ್ಪದ ಮಾರಾಟಗಾರರಿಂದ ಕೊಳ್ಳಬೇಡಿ.

ಮುಂಗಡದ ಅಗ್ರಿಮೆಂಟಿನಲ್ಲಿ ಒಂದು ಷರತ್ತು ಬರೆಸಿ: "ಪರೀಕ್ಷಾ ಗುಂಡಿಯಲ್ಲಿ ಎರಡು ಅಡಿಗಿಂತ ಹೆಚ್ಚು ತುಂಬಿದ ಮಣ್ಣು ಸಿಕ್ಕರೆ, ಅಥವಾ ಅಳತೆ ಕ್ರಯದ ಅಳತೆಗೆ ಹೊಂದದಿದ್ದರೆ, ಮುಂಗಡ ಪೂರ್ತಿ ವಾಪಸು." ಈಗ ನಾನು ಆ ಸಾಲಿಲ್ಲದ ಕಾಗದಕ್ಕೆ ಸಹಿ ಹಾಕುವುದಿಲ್ಲ. ಆಚೆ ಬದಿಯ ಸೈಟಿನ ಅಗ್ರಿಮೆಂಟಿನಲ್ಲಿ ಅದನ್ನು ಬರೆಸಿದೆ, ಮಾರಿದವರು ತಕರಾರಿಲ್ಲದೆ ಒಪ್ಪಿದರು.