ಬಲ್ಬಿನ ಬೆಳಕಲ್ಲಿ ಪಟ್ಟಿಗಳು ಎಲ್ಲಿ ಅಡಗುತ್ತವೆ?

ಪ್ರಶ್ನೆ: ಮಳೆಗಾಲದಲ್ಲಿ ನಮ್ಮೂರ ಮುಂದಿನ ಶಿವಮೊಗ್ಗ–ತೀರ್ಥಹಳ್ಳಿ ರಸ್ತೆಯ ಮೇಲೆ ಚೆಲ್ಲಿದ ಡೀಸೆಲ್ ಸಾದಾ ಹಗಲ ಬೆಳಕಿನಲ್ಲೇ ಬಣ್ಣಬಣ್ಣವಾಗಿ ಕಾಣುತ್ತದೆ. ಕಾಲೇಜಿನಲ್ಲಿ ಎರಡು ಗಾಜುಗಳ ನಡುವೆ ಒಂದು ತುದಿಯಲ್ಲಿ ಕೂದಲೆಳೆ ಇಟ್ಟು, ಸೋಡಿಯಂ ದೀಪದಡಿ ಸಾಲುಸಾಲು ಪಟ್ಟಿಗಳನ್ನು ನೋಡಿದ್ದೆ. ಮನೆಯ ಬಲ್ಬಿನಡಿ ಹಾಗೇ ಮಾಡಿದರೆ ಏನೂ ಕಾಣಲಿಲ್ಲ. ಬಲ್ಬಿನ ಬೆಳಕಿಗೆ ವ್ಯತಿಕರಣವೇ ಇಲ್ಲವೇ?
— ಓದುಗರೊಬ್ಬರು, ಮಂಡಗದ್ದೆ

ಉತ್ತರ: ಇದೆ. ನಿಮ್ಮ ರಸ್ತೆಯ ಡೀಸೆಲ್ಲೇ ಅದಕ್ಕೆ ಸಾಕ್ಷಿ. ವ್ಯತ್ಯಾಸವಿರುವುದು ಪದರದ ದಪ್ಪದಲ್ಲಿ.

ನೀರಿನ ಮೇಲೆ ಹರಡಿದ ಎಣ್ಣೆಯ ಮೇಲ್ಮೈಯಿಂದ ಒಂದಿಷ್ಟು ಬೆಳಕು ಮರಳುತ್ತದೆ, ತಳದಿಂದ ಇನ್ನೊಂದಿಷ್ಟು. ತಳಕ್ಕೆ ಹೋಗಿ ಬಂದದ್ದು ಹೆಚ್ಚು ದಾರಿ ನಡೆದಿರುತ್ತದೆ. ಈ ಹೆಚ್ಚುವರಿ ದಾರಿಯೇ ಪಥಾಂತರ. ಪದರ 200 ನ್ಯಾನೋಮೀಟರ್ ದಪ್ಪವಿದ್ದು, ಎಣ್ಣೆಯ ವಕ್ರೀಭವನಾಂಕ 1.45 ಎಂದಿಟ್ಟುಕೊಂಡರೆ, ನೇರ ನೋಟಕ್ಕೆ ಪಥಾಂತರ 580 ನ್ಯಾನೋಮೀಟರ್. ಮೇಲ್ಮೈಯಲ್ಲಿ ಪ್ರತಿಫಲಿಸುವಾಗ ಅಲೆ ತಲೆಕೆಳಗಾಗುವುದರಿಂದ, 580ರ ತರಂಗದೂರವುಳ್ಳ ಹಳದಿ ಬಹಳಷ್ಟು ಅಳಿಸಿಹೋಗುತ್ತದೆ. ಹಳದಿ ಕಳೆದ ಬಿಳಿ ಬೆಳಕು ನಮಗೆ ನೇರಳೆ-ನೀಲಿಯಾಗಿ ಕಾಣುತ್ತದೆ.

ಈಗ ಪದರವನ್ನು ಐದು ಪಟ್ಟು ದಪ್ಪ ಮಾಡೋಣ. ಪಥಾಂತರ 2900 ನ್ಯಾನೋಮೀಟರ್ ಆಗುತ್ತದೆ. ಹಳದಿ ಈಗಲೂ ಅಳಿಯುತ್ತದೆ, ಆದರೆ ಅದರ ಜೊತೆಗೆ 483ರ ನೀಲಿಯೂ 414ರ ನೇರಳೆಯೂ ಅಳಿಯುತ್ತವೆ. ಅವುಗಳ ನಡುವೆ 644ರ ಕೆಂಪು, 527ರ ಹಸಿರು, 446ರ ನೀಲಿ ಚೆನ್ನಾಗಿ ಬೆಳಗುತ್ತವೆ. ಕೆಂಪು, ಹಸಿರು, ನೀಲಿ ಒಟ್ಟಿಗೆ ಬಂದರೆ ಕಣ್ಣಿಗೆ ಬಿಳಿಯೇ. ವ್ಯತಿಕರಣ ನಡೆದೇ ಇದೆ. ಪ್ರತಿ ಬಣ್ಣವೂ ತನ್ನ ಪಟ್ಟಿಯನ್ನು ಮೂಡಿಸಿದೆ. ಒಂದರ ಕಪ್ಪಿನ ಮೇಲೆ ಇನ್ನೊಂದರ ಬೆಳಕು ಬಿದ್ದು ಎಲ್ಲ ಮರೆಯಾಗಿದೆ, ಅಷ್ಟೆ. ಆ ಬಿಳಿಯನ್ನು ರೋಹಿತದರ್ಶಕದಲ್ಲಿ ಬಿಡಿಸಿ ನೋಡಿದರೆ ಅಳಿದ ಬಣ್ಣಗಳ ಜಾಗದಲ್ಲಿ ಕಪ್ಪು ಗೆರೆಗಳು ಸಾಲಾಗಿ ನಿಂತಿರುತ್ತವೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದದ್ದು ಇದೇ.

ಪಟ್ಟಿಗಳು ಹೀಗೆ ಕಲಸಿಹೋಗುವ ಮುನ್ನ ಎಷ್ಟು ಪಥಾಂತರವನ್ನು ತಾಳಬಲ್ಲವು ಎಂಬ ಅಳತೆಯೇ ಸಂಸಕ್ತತೆಯ ಉದ್ದ. ತರಂಗದೂರದ ವರ್ಗವನ್ನು ಬೆಳಕಿನಲ್ಲಿರುವ ತರಂಗದೂರಗಳ ಹರವಿನಿಂದ ಭಾಗಿಸಿದರೆ ಅದರ ಅಂದಾಜು ಸಿಗುತ್ತದೆ. ಬಲ್ಬಿನ ಬೆಳಕಲ್ಲಿ ಕಣ್ಣಿಗೆ ಕಾಣುವ ಭಾಗ ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ ಹರಡಿದೆ. 550ರ ವರ್ಗವನ್ನು 300ರಿಂದ ಭಾಗಿಸಿ: ಸುಮಾರು 1000 ನ್ಯಾನೋಮೀಟರ್, ಅಂದರೆ ಒಂದು ಮೈಕ್ರೋಮೀಟರ್. ಹಳೆಯ ತಂತಿ ಬಲ್ಬಾಗಲಿ ಬಿಳಿ ಎಲ್‌ಇಡಿಯಾಗಲಿ, ಕಣ್ಣಿಗೆ ಬಹುಮಟ್ಟಿಗೆ ಇದೇ ಕಥೆ.

ಇನ್ನು ನಿಮ್ಮ ಗಾಜುಗಳಿಗೆ ಬರೋಣ. ಕೂದಲೆಳೆ 60 ಮೈಕ್ರೋಮೀಟರ್ ದಪ್ಪ, ಗಾಜು 5 ಸೆಂಟಿಮೀಟರ್ ಉದ್ದ ಎಂದುಕೊಳ್ಳಿ. ಕೂದಲಿರುವ ತುದಿಯಲ್ಲಿ ಪಥಾಂತರ 120 ಮೈಕ್ರೋಮೀಟರ್. ಬಲ್ಬಿನ ಬೆಳಕು ನಾಲ್ಕೈದು ಬಣ್ಣದ ಪಟ್ಟಿ ತೋರಿಸಲು ಪಥಾಂತರ ಹೆಚ್ಚೆಂದರೆ ಎರಡು ಮೂರು ಮೈಕ್ರೋಮೀಟರ್ ಇರಬೇಕು. ಲೆಕ್ಕ ಹಾಕಿದರೆ ಅವೆಲ್ಲ ಗಾಜುಗಳು ಕೂಡುವ ಅಂಚಿನಿಂದ ಸುಮಾರು ಒಂದು ಮಿಲಿಮೀಟರ್ ಒಳಗೇ ಮುಗಿದುಹೋಗುತ್ತವೆ! ಆ ಅಂಚಿನಲ್ಲಿ ಕೆಲವೇ ಮೈಕ್ರೋಮೀಟರ್ ದಪ್ಪದ ಧೂಳಿನ ಕಣ ಸಿಕ್ಕಿಕೊಂಡರೂ ಅದೂ ಇಲ್ಲ. ಮನೆಯಲ್ಲಿ ನಿಮಗೆ ಏನೂ ಕಾಣದಿದ್ದುದಕ್ಕೆ ಬಹುಶಃ ಇದೇ ಕಾರಣ.

ಸೋಡಿಯಂ ದೀಪದ ಹಳದಿಯಲ್ಲಿ ಮುಖ್ಯವಾಗಿ ಇರುವುದು 589.0 ಮತ್ತು 589.6 ನ್ಯಾನೋಮೀಟರ್‌ನ ಎರಡೇ ಗೆರೆಗಳು. ಹಾಗಾಗಿ ಅದೇ ಗಾಜಿನ ಉದ್ದಕ್ಕೂ ಸುಮಾರು 200 ಪಟ್ಟಿಗಳು, ಕಾಲು ಮಿಲಿಮೀಟರಿಗೊಂದರಂತೆ ಮೂಡುತ್ತವೆ. ಅದಕ್ಕೂ ಮಿತಿಯಿದೆ. ಪಥಾಂತರ 0.29 ಮಿಲಿಮೀಟರ್ ಮುಟ್ಟಿದಾಗ ಒಂದು ಗೆರೆಯ ಬೆಳಕು ಇನ್ನೊಂದರ ಕಪ್ಪಿನ ಮೇಲೆ ಕೂತು ಪಟ್ಟಿಗಳು ಮಸುಕಾಗುತ್ತವೆ, 0.58ರ ಹೊತ್ತಿಗೆ ಎರಡೂ ಹೊಂದಿಕೊಂಡು ಮತ್ತೆ ಸ್ಪಷ್ಟವಾಗುತ್ತವೆ. ಮೈಕೆಲ್‌ಸನ್ ಉಪಕರಣದ ಕನ್ನಡಿಯನ್ನು ಸರಿಸುತ್ತ ಹೋಗುವ ಎಂಎಸ್‌ಸಿ ವಿದ್ಯಾರ್ಥಿಗಳು ಈ ಮಸುಕು-ಸ್ಪಷ್ಟಗಳ ಅಂತರದಿಂದಲೇ ಎರಡು ಗೆರೆಗಳ ವ್ಯತ್ಯಾಸವನ್ನು ಅಳೆಯುತ್ತಾರೆ.

ಯಂಗ್‌ರ ಎರಡು ಸೀಳಿನ ಪ್ರಯೋಗದಲ್ಲಿ ಬಲ್ಬಿಗೆ ಇನ್ನೊಂದು ತೊಡಕಿದೆ: ಅದರ ಅಗಲ. ಬಲ್ಬಿನ ಒಂದೊಂದು ಬಿಂದುವೂ ತನ್ನ ಪಟ್ಟಿಗಳನ್ನು ಬೇರೆ ಬೇರೆ ಜಾಗದಲ್ಲಿ ಬೀಳಿಸುತ್ತದೆ. ಮೊದಲು ಒಂದು ಕಿರಿದಾದ ಸೀಳಿನ ಮೂಲಕ ಬೆಳಕನ್ನು ಹಾಯಿಸುವುದು ಅದಕ್ಕೇ. ನಿಮ್ಮ ಗಾಜಿನಂಥ ತೆಳು ಸಂದಿಗೆ ಇದು ಅಷ್ಟು ಬಾಧಿಸದು.

ಮನೆಯಲ್ಲೇ ನೋಡಬೇಕೆಂದಿದ್ದರೆ ಕೂದಲು ತೆಗೆದುಬಿಡಿ. ಎರಡು ಗಾಜುಗಳನ್ನೂ ಚೆನ್ನಾಗಿ ತೊಳೆದು ಒರೆಸಿ, ಒಂದರ ಮೇಲೊಂದು ಒತ್ತಿ, ಕೆಳಗೆ ಕಪ್ಪು ಕಾಗದವಿಡಿ. ಎಲ್‌ಇಡಿ ಬದಲು ಹಳೆಯ ಟ್ಯೂಬ್‌ಲೈಟ್ ಅಥವಾ ಸಿಎಫ್‌ಎಲ್‌ನ ಪ್ರತಿಬಿಂಬ ಗಾಜಿನಲ್ಲಿ ಕಾಣುವಂತೆ ನಿಂತು ನೋಡಿ. ಅವುಗಳ ಬೆಳಕಿನಲ್ಲಿ 546 ನ್ಯಾನೋಮೀಟರ್‌ನ ಪಾದರಸದ ಹಸಿರು ಗೆರೆ ತೀರ ಸಪೂರವಾಗಿದ್ದು, ಉಳಿದ ಬಣ್ಣಗಳ ನಡುವೆಯೂ ಎದ್ದು ನಿಲ್ಲುತ್ತದೆ. ಹಸಿರು-ಗುಲಾಬಿಯ ಡೊಂಕು ಪಟ್ಟಿಗಳು ಕಾಣಬೇಕು. ಬೆರಳಿನಿಂದ ಒತ್ತಿದರೆ ಅವು ಸರಿದಾಡುತ್ತವೆ; ಸರಿದಾಡದೆ ಇದ್ದಲ್ಲೇ ಇದ್ದರೆ ನೀವು ನೋಡುತ್ತಿರುವುದು ಗಾಜಿನ ಮೇಲಿನ ಜಿಡ್ಡು.