ಗಡಿಗೆಯ ನೀರು ಎಷ್ಟರ ಮಟ್ಟಿಗೆ ತಣ್ಣಗಾದೀತು?

ಬೇಸಗೆಯಲ್ಲಿ ಹಳ್ಳಿಗಳಿಗೆ ಹೋದಾಗ ರೈತ ಬಾಂಧವರು ಕೇಳುವ ಪ್ರಶ್ನೆಯೊಂದಿದೆ: ಮಣ್ಣಿನ ಗಡಿಗೆಯನ್ನು ಗಾಳಿ ಜೋರಾಗಿ ಬೀಸುವ ಕಡೆ ಇಟ್ಟರೆ ನೀರು ಮತ್ತಷ್ಟು ತಣ್ಣಗಾಗುವುದಲ್ಲವೆ? ಬೇಗ ತಣ್ಣಗಾಗುವುದು ನಿಜ. ಆದರೆ ಒಂದು ಮಟ್ಟಕ್ಕಿಂತ ಕೆಳಗೆ, ಎಷ್ಟು ಗಾಳಿ ಬೀಸಿದರೂ, ಅದು ಇಳಿಯುವುದಿಲ್ಲ. ಆ ಮಟ್ಟವನ್ನು ನಾವೇ ಲೆಕ್ಕ ಹಾಕಿ ತಿಳಿಯಬಹುದು.

ಗಡಿಗೆಯ ಮೈಯಲ್ಲಿರುವ ಸಣ್ಣ ರಂಧ್ರಗಳ ಮೂಲಕ ನೀರು ಜಿನುಗಿ ಹೊರಮೈ ಒದ್ದೆಯಾಗಿರುತ್ತದೆ. ಅಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಈ ಶಾಖವನ್ನು ಅದು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಹತ್ತು ಲೀಟರ್ ನೀರು 12 ಡಿಗ್ರಿ ಸೆಲ್ಸಿಯಸ್ ಇಳಿಯಲು 1,20,000 ಕ್ಯಾಲೊರಿ ಹೊರಹೋಗಬೇಕು. ಅಂದರೆ ಸುಮಾರು 200 ಗ್ರಾಂ ನೀರು ಆವಿಯಾದರೆ ಸಾಕು. ಲೆಕ್ಕ ಇಷ್ಟೇ ಆಗಿದ್ದರೆ ನೀರು ಮಂಜುಗಡ್ಡೆಯೇ ಆಗಬೇಕಿತ್ತು! ಹಾಗಾಗದಿರಲು ಕಾರಣ, ಗಡಿಗೆ ತಣ್ಣಗಾದಷ್ಟೂ ಸುತ್ತಲಿನ ಬಿಸಿಗಾಳಿಯಿಂದ ಶಾಖ ಒಳಗೆ ಬರತೊಡಗುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಒಂದಿದೆ. ಗಡಿಗೆಯ ಮೈಗೆ ಅಂಟಿದಂತೆ ಗಾಳಿಯ ತೆಳುವಾದ ಪೊರೆಯೊಂದು ಇರುತ್ತದೆ. ಆವಿ ಹೊರಹೋಗುವುದೂ ಶಾಖ ಒಳಬರುವುದೂ ಇದೇ ಪೊರೆಯನ್ನು ದಾಟಿ. ಆವಿಯನ್ನು ದೂಡುವುದು ಆವಿಯ ಒತ್ತಡದ ಅಂತರ. ಶಾಖವನ್ನು ದೂಡುವುದು ಉಷ್ಣತೆಯ ಅಂತರ. ದಾರಿ ಒಂದೇ ಆದ್ದರಿಂದ ಗಾಳಿ ಬೀಸಿ ಪೊರೆ ತೆಳುವಾದರೆ ಎರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಈ ಎರಡು ಸಾಗಣೆಗಳ ನಡುವಣ ಸಂಬಂಧವನ್ನು ಅಮೆರಿಕದ ಇಂಜಿನಿಯರ್ ಡಬ್ಲ್ಯು. ಕೆ. ಲೂಯಿಸ್ 1922ರಲ್ಲಿ ಪ್ರಕಟಿಸಿದರು. ಗಾಳಿಯಲ್ಲಿ ನೀರಾವಿಯ ಮಟ್ಟಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ; ಬೇರೆ ಎಷ್ಟೋ ದ್ರವಗಳಿಗೆ ಇಷ್ಟು ಸರಳವಾಗಿ ಹೊಂದದು. ಇದರಿಂದ ನಮಗೆ ಸಿಗುವ ಸೂತ್ರ ಸುಲಭ: ಉಷ್ಣತೆಯಲ್ಲಿ ಒಂದು ಡಿಗ್ರಿಯ ಅಂತರ ಒಳತರುವ ಶಾಖವನ್ನು, ಆವಿಯ ಒತ್ತಡದಲ್ಲಿ ಪಾದರಸದ ಅರ್ಧ ಮಿಲಿಮೀಟರ್ ಅಂತರ ಹೊರಗೆ ಒಯ್ಯುತ್ತದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಬಯಲುಸೀಮೆಯಲ್ಲಿ ಗಾಳಿ 38 ಡಿಗ್ರಿ ಇದೆ, ಆರ್ದ್ರತೆ ನೂರಕ್ಕೆ 20 ಎಂದುಕೊಳ್ಳೋಣ. ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯ ಒತ್ತಡ ಸುಮಾರು 50 ಮಿ.ಮೀ.; ಈಗ ಇರುವುದು ಅದರ ಐದನೆಯ ಒಂದು ಪಾಲು, 10 ಮಿ.ಮೀ. ಗಡಿಗೆ 25 ಡಿಗ್ರಿಗೆ ಇಳಿದಿದ್ದರೆ ಅದರ ಒದ್ದೆ ಮೈಯಲ್ಲಿ ಆವಿಯ ಒತ್ತಡ 23.8, ಗಾಳಿಗಿಂತ 13.8 ಹೆಚ್ಚು. ಉಷ್ಣತೆಯ ಅಂತರ 13 ಡಿಗ್ರಿ, ಅದರ ಅರ್ಧ 6.5. ಹೊರಹೋಗುವುದೇ ಹೆಚ್ಚಾದ್ದರಿಂದ ನೀರು ಇನ್ನೂ ತಣ್ಣಗಾಗುತ್ತದೆ. 21 ಡಿಗ್ರಿಗೆ ಬಂದಾಗ ಮೈಯಲ್ಲಿ 18.6, ಅಂತರ 8.6, ಉಷ್ಣತೆಯ ಅಂತರ 17, ಅದರ ಅರ್ಧ 8.5. ಜಮೆಖರ್ಚು ಸರಿಹೋಯಿತು, ನೀರು ಅಲ್ಲಿಗೆ ನಿಂತಿತು. ಗಾಳಿ ಇಮ್ಮಡಿಯಾದರೆ ಜಮೆಯೂ ಇಮ್ಮಡಿ, ಖರ್ಚೂ ಇಮ್ಮಡಿ. ನಿಲ್ಲುವ ಮಟ್ಟ ಬದಲಾಗದು. ಕರಾವಳಿಯಲ್ಲಿ ಗಾಳಿ 33 ಡಿಗ್ರಿ, ಆರ್ದ್ರತೆ 70 ಇದ್ದರೆ ಇದೇ ಲೆಕ್ಕದಲ್ಲಿ ಮಟ್ಟ 28ಕ್ಕೆ ಸ್ವಲ್ಪ ಮೇಲೆಯೇ ನಿಲ್ಲುತ್ತದೆ. ಅಲ್ಲಿಯವರು ಕುಂಬಾರನನ್ನು ದೂರಿ ಫಲವಿಲ್ಲ.

ಲೆಕ್ಕ ಬೇಡವೆನ್ನುವವರು ಉಷ್ಣಮಾಪಕದ ಬುಡಕ್ಕೆ ಒದ್ದೆ ಮಲ್‌ಬಟ್ಟೆ ಸುತ್ತಿ, ನೆರಳಿನಲ್ಲಿ ಹಿಡಿದು, ಬೀಸಣಿಗೆಯಿಂದ ಚೆನ್ನಾಗಿ ಬೀಸಲಿ. ಅದು ಇಳಿದು ನಿಲ್ಲುವ ಅಂಕಿಯೇ ಗಡಿಗೆಯ ಕೊನೆಯ ಮಟ್ಟ. ನಿಜವಾದ ಗಡಿಗೆಯ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಲವು ಡಿಗ್ರಿ ಮೇಲೆಯೇ ಇರುತ್ತದೆ. ಕಾದ ತಗಡಿನ ಮಾಡು, ಬಿಸಿಲು ಬಿದ್ದ ಗೋಡೆ ಇವುಗಳ ಕಾವು ಗಾಳಿಯ ಪೊರೆಯ ಹಂಗಿಲ್ಲದೆ ನೇರವಾಗಿ ಗಡಿಗೆಗೆ ತಗಲುವುದೇ ಕಾರಣ. ಗಾಳಿಯಿಂದ ನಿಜವಾದ ಪ್ರಯೋಜನ ಇರುವುದು ಇಲ್ಲಿ: ಉಳಿದೆರಡು ಸಾಗಣೆಗಳು ಹೆಚ್ಚಿದಾಗ ಈ ಕಾವಿನ ಪಾಲು ಸಣ್ಣದಾಗಿ, ನೀರು ಕೊನೆಯ ಮಟ್ಟದ ಹತ್ತಿರಕ್ಕೆ ಬರುತ್ತದೆ. ಹೀಗಾಗಿ ಗಾಳಿಯಾಡುವ ನೆರಳು ಬೇಕು. ಗಾಳಿಯಿದೆ ಎಂದು ಬಿಸಿಲಿಗೆ ಇಡುವುದು ನಷ್ಟ.

ನೆರಳಿನಲ್ಲಿದ್ದೂ ಅಂತರ ಏಳೆಂಟು ಡಿಗ್ರಿ ಉಳಿದರೆ ಗಡಿಗೆಯ ಮೈ ಮುಟ್ಟಿ ನೋಡಿರಿ. ಒಣಗಿದ್ದರೆ ರಂಧ್ರಗಳು ಮುಚ್ಚಿವೆ. ಉಪ್ಪುನೀರಿನ ಊರುಗಳಲ್ಲಿ ಹೊರಮೈಗೆ ಬಿಳಿಯ ಪದರ ಕಟ್ಟುತ್ತದೆ. ತೆಂಗಿನ ನಾರಿನಿಂದ ಉಜ್ಜಿ ತೆಗೆಯಬೇಕು. ಅಂದಕ್ಕಾಗಿ ಬಣ್ಣ ಬಳಿದ ಗಡಿಗೆಗಳು ಜಿನುಗುವುದೇ ಇಲ್ಲ. ನೀರು ಕುಡಿಯಲು ಅವಕ್ಕೂ ಹಿತ್ತಾಳೆ ಕೊಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ಕೆಲವರು ಕಾಲುಬಾಯಿ ಜ್ವರದ ಲಸಿಕೆಯ ಸೀಸೆಯನ್ನು ರಾತ್ರಿ ಗಡಿಗೆಯ ನೀರಿನಲ್ಲಿ ಮುಳುಗಿಸಿಟ್ಟು, ಬೆಳಗ್ಗೆ ಉಳಿದ ದನಗಳಿಗೆ ಹಾಕಿಸಬಹುದೆಂದು ತಿಳಿಯುತ್ತಾರೆ. ಆ ಲಸಿಕೆ 2ರಿಂದ 8 ಡಿಗ್ರಿಯೊಳಗೆ ಇರಬೇಕು. ನಮ್ಮ ಲೆಕ್ಕದಲ್ಲಿ ಅತ್ಯಂತ ಒಣಗಾಳಿಯ ದಿನವೂ ಗಡಿಗೆ ನಿಂತದ್ದು 21ರಲ್ಲಿ. ಕೈಗೆ ತಣ್ಣಗೆ ತೋರಿದರೂ ಆ ಸೀಸೆಯನ್ನು ಬಳಸದೆ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ತಂದ ಹೊಸದನ್ನೇ ಪಶುವೈದ್ಯರಿಂದ ಹಾಕಿಸಿರಿ.