ಮೊದಲು ಜೆಡಿ ಕೇಳಿ

‘ಅಕೌಂಟ್ಸ್ ಎಕ್ಸಿಕ್ಯೂಟಿವ್ ಬೇಕಾಗಿದ್ದಾರೆ. ಟ್ಯಾಲಿ ಗೊತ್ತಿರಬೇಕು. ಮ್ಯಾನೇಜ್‌ಮೆಂಟ್ ವಹಿಸುವ ಇತರೆ ಕೆಲಸಗಳು. ವಾರ್ಷಿಕ 4.2 ಲಕ್ಷ.’ ಪೀಣ್ಯದ ಕೆಲಸವೊಂದರ ಜಾಹೀರಾತಿನಲ್ಲಿ ಇದ್ದದ್ದು ಇಷ್ಟೇ. ನನಗೆ ದಿಗಿಲು ಹುಟ್ಟಿಸಿದ್ದು ಆ ‘ಇತರೆ’.

ಕನ್ಸಲ್ಟೆನ್ಸಿಯಿಂದ ಫೋನ್ ಬಂದಾಗ ಕೆಲಸದ ವಿವರ ಕೇಳಿದೆ. ‘ಇಂಟರ್‌ವ್ಯೂನಲ್ಲಿ ಎಲ್ಲಾ ಹೇಳ್ತಾರೆ ಸರ್, ನೀವು ರೆಸ್ಯೂಮ್ ಕಳಿಸಿ’ ಎಂದರು ಆ ಹೆಣ್ಣುಮಗಳು. ಅವರು ಮುಚ್ಚಿಡುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಎಷ್ಟೋ ಸಲ ಕಂಪನಿ ಕನ್ಸಲ್ಟೆನ್ಸಿಗೆ ಕೊಟ್ಟಿರುವುದೇ ನಾಲ್ಕು ಸಾಲು. ಜೊತೆಗೆ, ಪೂರ್ತಿ ವಿವರ ಕೊಟ್ಟರೆ ಅಭ್ಯರ್ಥಿ ನೇರವಾಗಿ ಕಂಪನಿಗೇ ಅರ್ಜಿ ಹಾಕಿ, ತಮ್ಮ ಕಮಿಷನ್ ಕೈತಪ್ಪೀತೆಂಬ ಅಂಜಿಕೆ ಅವರಿಗೆ ಇರುತ್ತದೆ. ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಮೇಲ್ ಬರೆದೆ:

‘ಮೇಡಂ, ಈ ಕೆಲಸದಲ್ಲಿ ಆಸಕ್ತಿ ಇದೆ. ದಯವಿಟ್ಟು ಪೂರ್ತಿ ಜೆಡಿ ಕಳಿಸಿ. ಕಂಪನಿಯ ಹೆಸರು ತೆಗೆದು ಕಳಿಸಿದರೂ ಸರಿ. ದಿನದ ಕೆಲಸ ಏನು, ಯಾರಿಗೆ ರಿಪೋರ್ಟ್ ಮಾಡಬೇಕು, ಹೊರಗೆ ಓಡಾಟ ಇದೆಯೇ, ಸಂಬಳದಲ್ಲಿ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಎಂಬುದು ತಿಳಿದರೆ ಇಂಟರ್‌ವ್ಯೂಗೆ ತಯಾರಾಗಲು ಅನುಕೂಲ.’

ಮೇಲ್‌ನಲ್ಲೇ ಕೇಳಿದ್ದು ಬೇಕೆಂದೇ. ಫೋನಿನಲ್ಲಿ ಕೇಳಿದರೆ ಉತ್ತರ ಅವರ ಊಹೆಯಾಗಿಬಿಡುತ್ತದೆ. ಮೇಲ್ ಆದರೆ ಅದನ್ನೇ ಕಂಪನಿಯ ಎಚ್‌ಆರ್‌ಗೆ ಫಾರ್ವರ್ಡ್ ಮಾಡಬಹುದು. ಹಾಗೇ ಆಯಿತು.

ಕಂಪನಿಯಿಂದ ಬಂದ ಜೆಡಿಯ ಮೊದಲ ಸಾಲುಗಳಲ್ಲಿ ಟ್ಯಾಲಿ ಎಂಟ್ರಿ, ಜಿಎಸ್‌ಟಿ ಎಲ್ಲವೂ ಇದ್ದವು. ಕೆಳಗೆ ಹೋದರೆ, ವಾರದಲ್ಲಿ ಮೂರು ದಿನ ತುಮಕೂರು, ಹಾಸನದ ಡೀಲರ್‌ಗಳ ಬಳಿ ಹೋಗಿ ಬಾಕಿ ವಸೂಲಿ ಮಾಡಬೇಕು, ಸ್ವಂತ ಬೈಕ್ ಕಡ್ಡಾಯ. ಹೆಸರು ಅಕೌಂಟ್ಸ್, ಕೆಲಸ ಕಲೆಕ್ಷನ್! ಸಂಬಳದ 90,000 ರೂಪಾಯಿ ವಸೂಲಿಯ ಟಾರ್ಗೆಟ್ ಮುಟ್ಟಿದರೆ ಮಾತ್ರ.

ಲೆಕ್ಕ ಹಾಕಿದೆ. 4.2 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 35,000. ಆದರೆ ವೇರಿಯಬಲ್ ಕಳೆದರೆ ಉಳಿಯುವುದು 27,500. ಅದರಲ್ಲಿ ಕಂಪನಿಯ ಪಾಲಿನ ಪಿಎಫ್ 1,800, ನನ್ನ ಪಾಲಿನದು 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಖಚಿತವಾಗಿ ಸಿಗುವುದು 23,700. ಪೆಟ್ರೋಲ್ ಖರ್ಚು ಯಾರದ್ದು ಎಂಬುದಕ್ಕೆ ಜೆಡಿಯಲ್ಲೂ ಉತ್ತರವಿರಲಿಲ್ಲ. ಅವತ್ತೇ ಬೇಡವೆಂದು ತಿಳಿಸಿ, ಕಾರಣವನ್ನೂ ಬರೆದೆ. ವಸೂಲಿ ಕೆಲಸ ಕೀಳೆಂದಲ್ಲ. ಅದರಲ್ಲಿ ಪಳಗಿದವರು ಬೇರೆಯೇ ಇದ್ದಾರೆ, ಈ ಜಾಗ ಅವರದ್ದು.

ಸಣ್ಣ ಕಂಪನಿಗಳಲ್ಲಿ ಜೆಡಿ ಎಂಬ ಕಾಗದವೇ ಇಲ್ಲದಿರಬಹುದು. ಆಗ ಫೋನಿನಲ್ಲಿ ಅವರು ಹೇಳಿದ್ದನ್ನು ನೀವೇ ನಾಲ್ಕೈದು ಸಾಲಿನಲ್ಲಿ ಬರೆದು, ‘ನಾನು ತಿಳಿದುಕೊಂಡಿದ್ದು ಸರಿಯೇ?’ ಎಂದು ಮೇಲ್ ಮಾಡಿ. ಅದಕ್ಕೂ ಲಿಖಿತ ಉತ್ತರ ಬರದಿದ್ದರೆ, ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ.